ಎತ್ತರದವರ ಬೆನ್ನಿಗೆ ಯಾವ ರಾಡ್?

ನೆಲದ ಮೇಲೆ ಅಲುಗಾಡದೆ ಕೂತಿರುವ ಭಾರವನ್ನು ಎರಡೂ ಕೈಗಳಲ್ಲಿ ಹಿಡಿದು, ನೆಟ್ಟಗೆ ನಿಲ್ಲುವವರೆಗೆ ಎತ್ತಿ, ಮತ್ತೆ ನೆಲಕ್ಕಿಳಿಸುವ ವ್ಯಾಯಾಮವೇ ಡೆಡ್‌ಲಿಫ್ಟ್. ಇದನ್ನು ಎರಡು ಬಗೆಯ ರಾಡ್‌ಗಳಲ್ಲಿ ಮಾಡಬಹುದು. ಒಂದು ಎಲ್ಲ ಜಿಮ್‌ಗಳಲ್ಲೂ ಇರುವ ನೇರ ರಾಡ್. ಅದು ಕಾಲಿನ ಮುಂದೆ ಇರುತ್ತದೆ, ಎತ್ತುವಾಗ ಕಣಕಾಲಿಗೆ ತಾಗಿಕೊಂಡೇ ಮೇಲೆ ಬರುತ್ತದೆ. ಇನ್ನೊಂದು ಟ್ರ್ಯಾಪ್ ಬಾರ್, ಕೆಲವರ ಬಾಯಲ್ಲಿ ಹೆಕ್ಸ್ ಬಾರ್. ಇದು ಆರು ಮೂಲೆಗಳ ಕಬ್ಬಿಣದ ಚೌಕಟ್ಟು. ಎತ್ತುವವರು ಅದರೊಳಗೆ ಹೊಕ್ಕು ನಿಲ್ಲುತ್ತಾರೆ, ಹಿಡಿಕೆಗಳು ದೇಹದ ಎರಡು ಪಕ್ಕಗಳಲ್ಲಿರುತ್ತವೆ. 1980ರ ದಶಕದಲ್ಲಿ ಇದನ್ನು ರೂಪಿಸಿದವರು ಅಮೆರಿಕದ ಪವರ್‌ಲಿಫ್ಟರ್ ಆಲ್ ಜೆರಾರ್ಡ್. ಅವರನ್ನು ಆ ದಾರಿಗೆ ಹಚ್ಚಿದ್ದು ಅವರದೇ ಕೆಳಬೆನ್ನಿನ ತೊಂದರೆ. ಹಾಗಾಗಿ ಬೆನ್ನು ಬಿಗಿಯಾಗಿರುವವರಿಗೆ ಈ ರಾಡ್ ಒಳ್ಳೆಯದೆಂಬ ಮಾತು ಅದರ ಹುಟ್ಟಿನಿಂದಲೇ ಬಂದದ್ದು. ಆ ಮಾತು ಎಷ್ಟರ ಮಟ್ಟಿಗೆ ನಿಜ, ಎಲ್ಲಿಂದಾಚೆಗೆ ನಿಜವಲ್ಲ ಎಂಬುದು ಆರು ಅಡಿ ದಾಟಿದ ಹೊಸಬರ ವಿಷಯದಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಎತ್ತರದವರ ತೊಂದರೆ ಶುರುವಾಗುವುದು ಪ್ಲೇಟ್‌ನಿಂದ. ಸ್ಪರ್ಧೆಯ ಅಳತೆಯ ಪ್ಲೇಟ್‌ನ ವ್ಯಾಸ 45 ಸೆಂ.ಮೀ. ಆದ್ದರಿಂದ ನೆಲದ ಮೇಲಿಟ್ಟ ರಾಡ್‌ನ ನಡುಮಧ್ಯ ಯಾವಾಗಲೂ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. ಐದೂವರೆ ಅಡಿಯವರಿಗೂ ಅಷ್ಟೇ, ಆರೂಕಾಲು ಅಡಿಯವರಿಗೂ ಅಷ್ಟೇ. ಕಾಲು ಉದ್ದವಾದಷ್ಟೂ ಅದೇ ಎತ್ತರಕ್ಕೆ ಕೈ ಮುಟ್ಟಿಸಲು ಹೆಚ್ಚು ಮಡಚಿಕೊಳ್ಳಬೇಕು. ಎತ್ತರದ ಜೊತೆಗೆ ಕೈಯೂ ಉದ್ದವಿದ್ದರೆ ಅರ್ಧ ತೊಂದರೆ ತಾನಾಗಿಯೇ ಕಳೆಯುತ್ತದೆ. ನಿಜವಾಗಿ ಕಷ್ಟಪಡುವವರು ತೊಡೆ ಉದ್ದ, ಕೈ ಗಿಡ್ಡ ಇರುವವರು. ಅಂದರೆ ಒಟ್ಟು ಎತ್ತರಕ್ಕಿಂತ ದೇಹದ ಭಾಗಗಳ ಅನುಪಾತ ಮುಖ್ಯ. ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಬೆರಳ ತುದಿ ತೊಡೆಯ ಅರ್ಧ ದಾಟಿ ಮೊಣಕಾಲಿನತ್ತ ಎಷ್ಟು ಕೆಳಗೆ ಬರುತ್ತದೆ ಎಂದು ನೋಡಿಕೊಂಡರೆ ತಕ್ಕಮಟ್ಟಿಗೆ ಅಂದಾಜು ಸಿಗುತ್ತದೆ.

ಇನ್ನು ಬೆನ್ನಿನ ಮೇಲೆ ಬೀಳುವ ಹೊರೆ. ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ನಡೆಯುವುದಕ್ಕೂ ಅದೇ ಕೊಡವನ್ನು ಕೈ ಮುಂದೆ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಕೆಲಸ ಮಾಡುತ್ತದೆ. ಭಾರ ಎಷ್ಟು ಕಿಲೋ ಎಂಬುದರ ಜೊತೆಗೆ ಅದು ಸೊಂಟದ ಕೀಲಿನಿಂದ ಎಷ್ಟು ಮುಂದಿದೆ ಎಂಬುದೂ ಸೇರಿ ಹೊರೆಯಾಗುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಎತ್ತರ 188 ಸೆಂ.ಮೀ., ಅಂದರೆ ಆರು ಅಡಿ ಎರಡು ಇಂಚು. ತೂಕ 82 ಕಿಲೋ. ದೇಹದ ಅನುಪಾತ ಸಾಮಾನ್ಯದ್ದು: ಸೊಂಟದ ಕೀಲಿನಿಂದ ಭುಜಕ್ಕೆ ಸುಮಾರು 54 ಸೆಂ.ಮೀ., ತೊಡೆ 46, ಭುಜದಿಂದ ಮುಷ್ಟಿಯವರೆಗೆ 72. ಈ ವ್ಯಕ್ತಿ 60 ಕಿಲೋ ಹೇರಿದ ನೇರ ರಾಡ್ ಮುಂದೆ ಸರಿಯಾಗಿ ಬಾಗಿ ನಿಂತಾಗ ಅವರ ಮುಂಡ ನೆಲಕ್ಕೆ ಸುಮಾರು 35 ಡಿಗ್ರಿ ಕೋನದಲ್ಲಿರುತ್ತದೆ, ಹೆಚ್ಚುಕಡಿಮೆ ಅಡ್ಡವೇ. ರಾಡ್ ಸೊಂಟದ ಕೀಲಿಗಿಂತ 37 ಸೆಂ.ಮೀ. ಮುಂದಿರುತ್ತದೆ. 60ನ್ನು 37ರಿಂದ ಗುಣಿಸಿದರೆ 2,220.

ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ರಾಡ್‌ನ ಜೊತೆಗೆ ತಲೆ, ಕೈ, ಎದೆ, ಹೊಟ್ಟೆ ಎಲ್ಲವನ್ನೂ ಎತ್ತಬೇಕಲ್ಲ. 82 ಕಿಲೋದ ದೇಹದಲ್ಲಿ ಸೊಂಟದಿಂದ ಮೇಲಿನ ಭಾಗವೇ ಸುಮಾರು 55 ಕಿಲೋ ತೂಗುತ್ತದೆ. ಅಷ್ಟು ಬಾಗಿದ ಭಂಗಿಯಲ್ಲಿ ಆ ತೂಕದ ಕೇಂದ್ರ ಸೊಂಟದಿಂದ 28 ಸೆಂ.ಮೀ. ಮುಂದಿರುತ್ತದೆ. 55 ಗುಣಿಸು 28, ಅಂದರೆ 1,540. ಒಟ್ಟು ಹೊರೆ 3,760 ಕಿಲೋ-ಸೆಂಟಿಮೀಟರ್. ಅದರಲ್ಲಿ ಐದರಲ್ಲಿ ಎರಡು ಪಾಲು ಅವರದೇ ದೇಹದ್ದು. ಹೊಸಬರು ಸಣ್ಣ ತೂಕ ಎತ್ತಿದರೂ ಮರುದಿನ ಕೆಳಬೆನ್ನು ಹಿಡಿದುಕೊಂಡಿತೆಂದು ಹೇಳುವುದಕ್ಕೆ ಇದೊಂದು ಕಾರಣ. ರಾಡ್‌ನಿಂದ ಎರಡು ಪ್ಲೇಟ್ ತೆಗೆದರೆ ರಾಡ್‌ನ ಹೊರೆ ಇಳಿಯುತ್ತದೆ, ಮೈಯ ಹೊರೆ ಹಾಗೆಯೇ ಉಳಿಯುತ್ತದೆ.

ಅದೇ ವ್ಯಕ್ತಿ, ಅದೇ 60 ಕಿಲೋ, ಆದರೆ ಟ್ರ್ಯಾಪ್ ಬಾರ್. ಹೆಚ್ಚಿನ ಟ್ರ್ಯಾಪ್ ಬಾರ್‌ಗಳಲ್ಲಿ ಎರಡು ಜೊತೆ ಹಿಡಿಕೆ ಇರುತ್ತವೆ. ಒಂದು ಜೊತೆ ಚೌಕಟ್ಟಿನ ಮಟ್ಟದಲ್ಲೇ ಇದ್ದರೆ ಇನ್ನೊಂದು ಅದಕ್ಕಿಂತ ಎಂಟು-ಹತ್ತು ಸೆಂ.ಮೀ. ಮೇಲಿರುತ್ತದೆ. ಚೌಕಟ್ಟನ್ನು ಮಗುಚಿ ಹಾಕಿದರೆ ಬೇಕಾದ ಜೊತೆ ಮೇಲೆ ಬರುತ್ತದೆ. ಮೇಲಿನ ಹಿಡಿಕೆ ಹಿಡಿದಾಗ ಕೈ ಅಷ್ಟು ಕೆಳಗೆ ಹೋಗಬೇಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಣಕಾಲಿನ ಮುಂದೆ ಅಡ್ಡವಾಗಿ ಕಬ್ಬಿಣವಿಲ್ಲದ್ದರಿಂದ ಮೊಣಕಾಲು ಮುಂದಕ್ಕೆ ಬರಬಹುದು. ಮೊಣಕಾಲು ಮುಂದೆ ಬಂದರೆ ಸೊಂಟ ಹಿಂದಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ಮುಂಡ ಅಷ್ಟು ಬಾಗಬೇಕಿಲ್ಲ. ಮೇಲೆ ಹೇಳಿದ ಅಳತೆಗಳಲ್ಲಿ ಮುಂಡದ ಕೋನ 35ರಿಂದ ಸುಮಾರು 55 ಡಿಗ್ರಿಗೆ ಏರುತ್ತದೆ. ಭಾರ ಸೊಂಟದಿಂದ 30 ಸೆಂ.ಮೀ. ದೂರಕ್ಕೆ, ಮೈಯ ತೂಕದ ಕೇಂದ್ರ 19 ಸೆಂ.ಮೀ. ದೂರಕ್ಕೆ ಬರುತ್ತದೆ. ಭಾರದ ಹೊರೆ 1,800, ಮೈಯದ್ದು 1,045, ಒಟ್ಟು 2,845. ಕಾಲು ಭಾಗದಷ್ಟು ಕಡಿಮೆ. ಇದು ಕಾಗದದ ಮೇಲಿನ ಅಂದಾಜು, ಯಾರ ಮೈಗೂ ಇಂಚಿಂಚು ಹೊಂದಲಾರದು. ಆದರೆ ಉಳಿತಾಯ ಎಲ್ಲಿಂದ ಬರುತ್ತದೆ ಎಂಬುದನ್ನು ಇದು ಸರಿಯಾಗಿ ತೋರಿಸುತ್ತದೆ: ಹೊರೆಯಲ್ಲಿ ಇಳಿದ 900 ಚಿಲ್ಲರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಡಿಮೆ ಬಾಗಿದ್ದರಿಂದ ಬಂದದ್ದು.

ಪ್ರಯೋಗಶಾಲೆಯ ಅಳತೆಗಳೂ ಇದೇ ದಿಕ್ಕಿನಲ್ಲಿವೆ. ಪಾಲ್ ಸ್ವಿಂಟನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 19 ಪವರ್‌ಲಿಫ್ಟರ್‌ಗಳು ಎರಡೂ ರಾಡ್‌ಗಳಲ್ಲಿ ಎತ್ತಿದರು. ಟ್ರ್ಯಾಪ್ ಬಾರ್‌ನಲ್ಲಿ ಕೆಳಬೆನ್ನು ಮತ್ತು ಸೊಂಟದ ಮೇಲಿನ ಗರಿಷ್ಠ ಹೊರೆ ಕಡಿಮೆಯಿತ್ತು, ಮೊಣಕಾಲಿನದು ಹೆಚ್ಚಿತ್ತು. 2016ರಲ್ಲಿ ಬಂದ ಇನ್ನೊಂದು ಅಧ್ಯಯನ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆಯಿತು. ಟ್ರ್ಯಾಪ್ ಬಾರ್‌ನಲ್ಲಿ ತೊಡೆಯ ಮುಂಭಾಗದ ಸ್ನಾಯು ಹೆಚ್ಚು ದುಡಿದರೆ, ನೇರ ರಾಡ್‌ನಲ್ಲಿ ತೊಡೆಯ ಹಿಂಭಾಗ ಮತ್ತು ಬೆನ್ನನ್ನು ನೆಟ್ಟಗಿಡುವ ಸ್ನಾಯುಗಳು ಹೆಚ್ಚು ದುಡಿದವು. ಅಂದರೆ ಹೊರೆ ಮಾಯವಾಗುವುದಿಲ್ಲ, ಬೆನ್ನಿನಿಂದ ಮೊಣಕಾಲಿಗೆ ಒಂದಿಷ್ಟು ವರ್ಗವಾಗುತ್ತದೆ. ಮೊಣಕಾಲು ನೋವಿರುವವರು ಇದನ್ನು ಗಮನಿಸಬೇಕು.

ಸ್ವಿಂಟನ್ ಅವರ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ. ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ತೂಕ ನೇರ ರಾಡ್‌ನಲ್ಲಿ ಸರಾಸರಿ 245 ಕಿಲೋ ಆಸುಪಾಸಿನಲ್ಲಿದ್ದರೆ ಟ್ರ್ಯಾಪ್ ಬಾರ್‌ನಲ್ಲಿ 265 ಕಿಲೋ. ಜಿಮ್‌ನಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುವುದು ಇದನ್ನೇ, ಎಡವುವುದೂ ಇಲ್ಲೇ. ಉದಾಹರಣೆಯ ವ್ಯಕ್ತಿ ಟ್ರ್ಯಾಪ್ ಬಾರ್ ಸುಲಭವೆನಿಸಿತೆಂದು ಎರಡೇ ವಾರದಲ್ಲಿ 90 ಕಿಲೋಗೆ ಏರಿದರೆ ಅವರ ಹೊರೆ 90 ಗುಣಿಸು 30, ಜೊತೆಗೆ ಮೈಯ 1,045, ಒಟ್ಟು 3,745. ನೇರ ರಾಡ್‌ನಲ್ಲಿ 60 ಕಿಲೋ ಎತ್ತಿದಷ್ಟೇ ಆಯಿತು. ರಾಡ್ ಕೊಟ್ಟ ರಿಯಾಯಿತಿಯನ್ನು ಪ್ಲೇಟ್ ಹೇರಿ ತಾವೇ ಖರ್ಚು ಮಾಡಿಕೊಂಡಂತೆ.

ಕೆಳಬೆನ್ನು ಬಿಗಿ ಎನ್ನುವ ದೂರನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಿಂತು ಬಾಗಿ ಕಾಲ್ಬೆರಳು ಮುಟ್ಟಲಾಗದಿದ್ದರೆ ಬೆನ್ನು ಬಿಗಿ ಎಂದು ತೀರ್ಮಾನಿಸುವುದು ವಾಡಿಕೆ. ಬಹಳಷ್ಟು ಸಲ ಬಿಗಿಯಾಗಿರುವುದು ತೊಡೆಯ ಹಿಂಭಾಗದ ಸ್ನಾಯು, ಇಲ್ಲವೇ ಸೊಂಟದ ಕೀಲು ಅಷ್ಟು ಆಳಕ್ಕೆ ಮಡಚುವುದಿಲ್ಲ. ಇದನ್ನು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಅಂಗೈ ಮತ್ತು ಮೊಣಕಾಲು ಊರಿ, ಅಂಬೆಗಾಲಿನ ಭಂಗಿಯಲ್ಲಿ ಬೆನ್ನನ್ನು ಸಹಜವಾಗಿ ಇಟ್ಟುಕೊಳ್ಳಬೇಕು. ಆಮೇಲೆ ಅಂಗೈ ಎತ್ತದೆ, ಪೃಷ್ಠವನ್ನು ನಿಧಾನವಾಗಿ ಹಿಮ್ಮಡಿಯತ್ತ ಸರಿಸುತ್ತಾ ಹೋಗಬೇಕು. ಪಕ್ಕದಿಂದ ಮೊಬೈಲ್‌ನಲ್ಲಿ ವಿಡಿಯೊ ತೆಗೆದರೆ ಒಂದು ಹಂತದಲ್ಲಿ ಕೆಳಬೆನ್ನು ಹೊರಗೆ ಗೂನಾಗುವುದು ಕಾಣುತ್ತದೆ. ಸೊಂಟದ ಕೀಲು ತನ್ನ ಮಿತಿ ಮುಟ್ಟಿದೆ, ಉಳಿದದ್ದನ್ನು ಬೆನ್ನು ಮಡಚಿಕೊಂಡು ತುಂಬಿಸುತ್ತಿದೆ ಎಂದು ಅದರ ಅರ್ಥ. ಪೃಷ್ಠ ಅರ್ಧ ದೂರವೂ ಹೋಗುವ ಮೊದಲೇ ಬೆನ್ನು ಗೂನಾದರೆ, ನೆಲದಿಂದ ನೇರ ರಾಡ್ ಎತ್ತುವ ಭಂಗಿ ಸದ್ಯಕ್ಕೆ ಆ ದೇಹಕ್ಕೆ ಲಭ್ಯವಿಲ್ಲ. ಮೊಣಕಾಲುಗಳನ್ನು ಸ್ವಲ್ಪ ಅಗಲಿಸಿ ಮತ್ತೊಮ್ಮೆ ಮಾಡಿ ನೋಡುವುದೂ ಒಳ್ಳೆಯದು. ಕೆಲವರಿಗೆ ಅಷ್ಟರಿಂದಲೇ ಗೂನು ತಡವಾಗುತ್ತದೆ. ಅವರು ಡೆಡ್‌ಲಿಫ್ಟ್‌ನಲ್ಲೂ ಪಾದಗಳನ್ನು ತುಸು ಅಗಲಿಸಿ ಬೆರಳುಗಳನ್ನು ಹೊರಗೆ ತಿರುಗಿಸಿ ನಿಂತರೆ ಅನುಕೂಲ.

ಬಿಗಿತಕ್ಕೂ ನೋವಿಗೂ ವ್ಯತ್ಯಾಸವಿದೆ. ಕಾಲಿನವರೆಗೆ ಇಳಿಯುವ ನೋವು, ಜೋಮು, ಪಾದದಲ್ಲಿ ಬಲ ಕುಂದುವುದು, ರಾತ್ರಿ ಮಲಗಿದಾಗಲೂ ಬಿಡದ ನೋವು, ಇಂಥವಿದ್ದರೆ ಯಾವ ರಾಡ್ ಎಂಬ ಪ್ರಶ್ನೆಗಿಂತ ಮೊದಲು ವೈದ್ಯರ ಬಳಿ ಹೋಗಬೇಕು. ಮಲಮೂತ್ರದ ಹಿಡಿತ ತಪ್ಪಿದರಂತೂ ಅದೇ ದಿನ ಆಸ್ಪತ್ರೆಗೆ. ಹಾಗೆಂದು ಬೆನ್ನು ನೋವಿದ್ದವರೆಲ್ಲ ಡೆಡ್‌ಲಿಫ್ಟ್‌ನಿಂದ ದೂರವಿರಬೇಕೆಂದೂ ಅಲ್ಲ. ಸ್ವೀಡನ್‌ನಲ್ಲಿ ಬೆನ್ನುನೋವಿನ ರೋಗಿಗಳಿಗೆ ಡೆಡ್‌ಲಿಫ್ಟ್ ಕಲಿಸಿ ನೋಡಿದ ಸಂಶೋಧಕರು, ನೋವು ಕಡಿಮೆಯಿದ್ದು ಬೆನ್ನಿನ ಸ್ನಾಯುಗಳಿಗೆ ತಾಳಿಕೆ ಇದ್ದವರಿಗೆ ಅದರಿಂದ ಹೆಚ್ಚು ಪ್ರಯೋಜನವಾದದ್ದನ್ನು ಕಂಡರು.

ಟ್ರ್ಯಾಪ್ ಬಾರ್ ಎತ್ತುವ ಕ್ರಮ ಸರಳ, ಆದರೆ ನಿಲ್ಲುವ ಜಾಗದಲ್ಲೇ ಅರ್ಧ ಜನ ತಪ್ಪುತ್ತಾರೆ. ಎರಡು ಪಕ್ಕದ ಪ್ಲೇಟ್‌ಗಳ ನಡುಮಧ್ಯವನ್ನು ಸೇರಿಸುವ ಗೆರೆಯೊಂದನ್ನು ಊಹಿಸಿಕೊಂಡರೆ, ಅದು ಪಾದದ ಮಧ್ಯಭಾಗದ ಮೇಲೆ, ಶೂ ಲೇಸಿನ ಗಂಟಿನ ಆಸುಪಾಸಿನಲ್ಲಿ ಹಾಯಬೇಕು. ಪಾದಗಳ ನಡುವೆ ಸೊಂಟದಷ್ಟು ಅಂತರ ಸಾಕು. ಹಿಡಿಕೆಯ ಸರಿಯಾದ ನಡುವನ್ನೇ ಹಿಡಿಯಬೇಕು. ಒಂದು ಬೆರಳಿನಷ್ಟು ಮುಂದೆ ಹಿಡಿದರೂ ಚೌಕಟ್ಟು ನೆಲ ಬಿಟ್ಟ ಕೂಡಲೇ ಹಿಂಭಾಗ ಕೆಳಗೆ ವಾಲುತ್ತದೆ, ಹಿಂದೆ ಹಿಡಿದರೆ ಮುಂಭಾಗ ವಾಲುತ್ತದೆ. ವಾಲಿದ ಚೌಕಟ್ಟನ್ನು ಮಣಿಕಟ್ಟಿನಿಂದ ಸರಿಪಡಿಸಲು ಹೋಗದೆ ಕೆಳಗಿಟ್ಟು ಮತ್ತೆ ಹಿಡಿಯುವುದೇ ಸರಿ.

ಹಿಡಿಯಲು ಇಳಿಯುವಾಗ ಮೊದಲು ಪೃಷ್ಠ ಹಿಂದಕ್ಕೆ ಹೋಗಬೇಕು, ಆಮೇಲೆ ಮೊಣಕಾಲು ಮಡಚಬೇಕು. ಟ್ರ್ಯಾಪ್ ಬಾರ್ ಕಂಡ ಕೂಡಲೇ ಕುಕ್ಕರುಗಾಲಲ್ಲಿ ಕೂರುವಂತೆ ನೇರ ಕೆಳಗಿಳಿಯುವುದು ಹೊಸಬರ ಅಭ್ಯಾಸ. ಎತ್ತರದವರು ಹಾಗೆ ಇಳಿದರೆ ಉದ್ದ ತೊಡೆ ಹೊಟ್ಟೆಗೆ ಒತ್ತಿ, ಕೊನೆಯ ನಾಲ್ಕು ಬೆರಳಿನಷ್ಟು ದೂರದಲ್ಲಿ ಕೆಳಬೆನ್ನು ಗೂನಾಗಿಬಿಡುತ್ತದೆ. ಹಿಡಿದ ಮೇಲೆ ಕೈ ನೇರ ಮಾಡಿ, ಭಾರ ಏಳದಷ್ಟು ಮೆಲ್ಲಗೆ ಎಳೆಯಬೇಕು. ರಾಡ್‌ಗೂ ಪ್ಲೇಟ್‌ನ ರಂಧ್ರಕ್ಕೂ ನಡುವಿನ ಸಡಿಲ ಹೋಗಿ ಟಕ್ ಎಂಬ ಸದ್ದು ಕೇಳುತ್ತದೆ. ಆ ಸದ್ದು ಕೇಳುವ ಮೊದಲೇ ಜಗ್ಗಿದರೆ ಎಳೆತ ಬೆನ್ನಿಗೆ ಏಕಾಏಕಿ ಬೀಳುತ್ತದೆ. ಸದ್ದಿನ ನಂತರ ಹೊಟ್ಟೆ ತುಂಬ ಉಸಿರು ತೆಗೆದುಕೊಂಡು, ಹೊಟ್ಟೆಯನ್ನು ಬಿಗಿಹಿಡಿದು, ಪಾದದಿಂದ ನೆಲವನ್ನು ಒತ್ತುತ್ತಾ ಏಳಬೇಕು. ಮೇಲೆ ಬಂದಾಗ ನೆಟ್ಟಗೆ ನಿಂತರೆ ಸಾಕು. ಹಿಂದಕ್ಕೆ ವಾಲಿ ಎದೆ ಉಬ್ಬಿಸುವುದು ಬಿಗಿ ಬೆನ್ನಿಗೆ ಬೇಡದ ಕೆಲಸ. ಇಳಿಸುವಾಗ ಮತ್ತೆ ಪೃಷ್ಠ ಮೊದಲು ಹಿಂದಕ್ಕೆ. ಪ್ಲೇಟ್ ನೆಲ ಮುಟ್ಟಿ ನಿಂತ ಮೇಲೆಯೇ ಮುಂದಿನ ರೆಪ್. ಚೆಂಡಿನಂತೆ ಪುಟಿಸಿ ಎತ್ತುವುದು ಇಲ್ಲಿ ಸಲ್ಲದು.

ಸರಿಯಾಗಿ ಆಗುತ್ತಿದೆಯೇ ಎಂದು ತಿಳಿಯಲು ಕನ್ನಡಿ ಪ್ರಯೋಜನವಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ಕತ್ತು ತಿರುಗಿ ಭಂಗಿಯೇ ಕೆಡುತ್ತದೆ. ಮೊಬೈಲನ್ನು ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ ಇಟ್ಟು ವಿಡಿಯೊ ತೆಗೆದು, ಪ್ಲೇಟ್ ನೆಲ ಬಿಡುವ ಕ್ಷಣದಲ್ಲಿ ನಿಲ್ಲಿಸಿ ನೋಡಬೇಕು. ಮೈಗಂಟುವ ಟೀ-ಶರ್ಟನ್ನು ಒಳಗೆ ಸಿಕ್ಕಿಸಿಕೊಂಡಿದ್ದರೆ ಕೆಳಬೆನ್ನಿನ ರೇಖೆ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ಹುಡುಕಬೇಕಾದದ್ದು ಬೆನ್ನು ಅಳತೆಪಟ್ಟಿಯಷ್ಟು ನೇರವಿದೆಯೇ ಎಂದಲ್ಲ. ಪ್ರತಿಯೊಬ್ಬರ ಬೆನ್ನಿಗೂ ಅದರದೇ ಬಾಗು ಇರುತ್ತದೆ. ಎತ್ತುವ ಮೊದಲು ಇದ್ದ ಆಕಾರ ಎತ್ತುವಾಗಲೂ ಉಳಿಯಿತೇ, ಬದಲಾಯಿತೇ ಎಂಬುದು ಪ್ರಶ್ನೆ. ಮೊದಲ ರೆಪ್‌ನಲ್ಲಿ ಉಳಿದು ಐದನೆಯದರಲ್ಲಿ ಬದಲಾದರೆ ತೂಕ ಹೆಚ್ಚಾಯಿತು. ಮೊದಲನೆಯದರಲ್ಲೇ ಬದಲಾದರೆ ಹಿಡಿಕೆ ತೀರ ಕೆಳಗಿದೆ. ಎರಡಕ್ಕೂ ಮದ್ದು ಬೇರೆಬೇರೆ. ಮೊದಲನೆಯದಕ್ಕೆ ಪ್ಲೇಟ್ ತೆಗೆಯಬೇಕು, ಎರಡನೆಯದಕ್ಕೆ ರಾಡ್ ಎತ್ತರಿಸಬೇಕು. ಜಿಮ್‌ಗಳಲ್ಲಿ ಎರಡಕ್ಕೂ ಬೆಲ್ಟ್ ಕಟ್ಟಿಕೊಳ್ಳಲು ಹೇಳುವುದುಂಟು. ಬೆಲ್ಟ್ ಈ ಎರಡರಲ್ಲಿ ಯಾವುದನ್ನೂ ಸರಿಪಡಿಸುವುದಿಲ್ಲ.

ಇನ್ನೊಂದು ಸೂಚನೆ ಪೃಷ್ಠದ್ದು. ಭಾರ ಏಳುವ ಮೊದಲೇ ಪೃಷ್ಠ ಮೇಲೆ ಹಾರಿದರೆ, ಆರಂಭದಲ್ಲಿ ಅತಿಯಾಗಿ ಕೆಳಗೆ ಕೂತಿದ್ದರೆಂದೋ, ತೂಕ ಮೀರಿತೆಂದೋ ಅರ್ಥ. ಮರುದಿನದ ನೋವನ್ನೂ ಓದಲು ಕಲಿಯಬೇಕು. ಬೆನ್ನಿನ ಎರಡೂ ಪಕ್ಕ ಅಗಲವಾಗಿ ಹರಡಿದ, ಓಡಾಡಿದಂತೆ ಕಡಿಮೆಯಾಗುವ ನೋವು ಸ್ನಾಯುವಿನದು, ಎರಡು-ಮೂರು ದಿನದಲ್ಲಿ ಹೋಗುತ್ತದೆ. ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನ ನೋವು, ಅದರಲ್ಲೂ ಒಂದೇ ಪಕ್ಕದ್ದು, ಕೂತಷ್ಟೂ ಹೆಚ್ಚಾಗುವುದು, ಇಂಥದ್ದಿದ್ದರೆ ಮುಂದಿನ ಸರದಿ ಬಿಡಬೇಕು.

ನಮ್ಮ ಜಿಮ್‌ಗಳಲ್ಲಿ ನೇರ ರಾಡ್‌ನ ತೊಂದರೆಗೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 45 ಸೆಂ.ಮೀ. ವ್ಯಾಸವಿರುವುದು 20 ಕಿಲೋದ ದೊಡ್ಡ ಪ್ಲೇಟ್‌ಗಳಿಗೆ, ಅಥವಾ ಯಾವ ತೂಕವಾದರೂ ಒಂದೇ ಗಾತ್ರವಿರುವ ರಬ್ಬರ್ ಬಂಪರ್ ಪ್ಲೇಟ್‌ಗಳಿಗೆ. ಬಡಾವಣೆಯ ಸಾಮಾನ್ಯ ಜಿಮ್‌ನಲ್ಲಿರುವ 5 ಮತ್ತು 10 ಕಿಲೋದ ಕಬ್ಬಿಣದ ಪ್ಲೇಟ್‌ಗಳು ಅದಕ್ಕಿಂತ ಎಷ್ಟೋ ಚಿಕ್ಕವು. ಹೊಸಬರಿಗೆ ಕಡಿಮೆ ತೂಕವೇ ಇರಲಿ ಎಂದು ಟ್ರೈನರ್ ಅವನ್ನೇ ಹಾಕಿಕೊಟ್ಟರೆ ರಾಡ್ ಇನ್ನೂ ಐದಾರು ಸೆಂ.ಮೀ. ಕೆಳಗಿಳಿಯುತ್ತದೆ. ತೂಕ ಹಗುರವಾಯಿತು, ಭಂಗಿ ಕಠಿಣವಾಯಿತು. 20 ಕಿಲೋದ ರಾಡ್‌ಗೆ ದೊಡ್ಡ ಪ್ಲೇಟ್ ಒಂದೊಂದು ಹಾಕಿದರೇ 60 ಕಿಲೋ. ಅದಕ್ಕಿಂತ ಕಡಿಮೆ ಬೇಕೆಂದರೆ ಚಿಕ್ಕ ಪ್ಲೇಟ್‌ಗಳ ಕೆಳಗೆ ಮರದ ದಿಮ್ಮಿ, ರಬ್ಬರ್ ಮ್ಯಾಟ್ ಅಥವಾ ಮಲಗಿಸಿಟ್ಟ ಬೇರೆ ಪ್ಲೇಟ್‌ಗಳನ್ನಿಟ್ಟು ರಾಡನ್ನು ಎತ್ತರಿಸಲೇಬೇಕು. ಟ್ರ್ಯಾಪ್ ಬಾರ್‌ಗೆ ಚಿಕ್ಕ ಪ್ಲೇಟ್ ಹಾಕಿದರೂ ಇದೇ ಕತೆ, ಮೇಲಿನ ಹಿಡಿಕೆಯ ಅನುಕೂಲ ಅಷ್ಟರಲ್ಲೇ ಕರಗಿಹೋಗುತ್ತದೆ. ಟ್ರ್ಯಾಪ್ ಬಾರ್‌ನ ಸ್ವಂತ ತೂಕವೂ ಒಂದೇ ಸಮ ಇರುವುದಿಲ್ಲ. 20 ಕಿಲೋದವೂ ಇವೆ, 30ರ ಹತ್ತಿರದವೂ ಇವೆ. ಮೊದಲ ದಿನವೇ ತೂಗಿ ನೋಡಿ ಬರೆದಿಟ್ಟುಕೊಂಡರೆ ಮುಂದಿನ ಲೆಕ್ಕ ತಪ್ಪುವುದಿಲ್ಲ.

ಉದಾಹರಣೆಯ ವ್ಯಕ್ತಿ ಹೀಗೆ ಶುರು ಮಾಡಬಹುದು. ವಾರಕ್ಕೆ ಎರಡು ದಿನ, ನಡುವೆ ಎರಡು ದಿನವಾದರೂ ಬಿಡುವು. ಮೇಲಿನ ಹಿಡಿಕೆ, ಒಟ್ಟು 40 ಕಿಲೋ, ಐದು ರೆಪ್‌ನ ಮೂರು ಸೆಟ್. ಚಿಕ್ಕ ಪ್ಲೇಟ್ ಆದರೆ ಕೆಳಗೆ ದಿಮ್ಮಿ. ಪ್ರತಿ ಸೆಟ್ ಮುಗಿದಾಗ ಇನ್ನೂ ಎರಡು-ಮೂರು ರೆಪ್ ಎತ್ತಬಲ್ಲೆ ಎನಿಸುವಂತಿರಬೇಕು. ವಿಡಿಯೊದಲ್ಲಿ ಬೆನ್ನಿನ ಆಕಾರ ಕೊನೆಯ ರೆಪ್‌ವರೆಗೂ ಉಳಿದರೆ ಮುಂದಿನ ಸರದಿಗೆ ಎರಡೂವರೆಯಿಂದ ಐದು ಕಿಲೋ ಸೇರಿಸಬಹುದು, ಉಳಿಯದಿದ್ದರೆ ಅದೇ ತೂಕ. ಹೀಗೆ ಹೋದರೆ ಎಂಟು ವಾರದ ಹೊತ್ತಿಗೆ 75-80 ಕಿಲೋ ತಲುಪುವುದು ಅಸಹಜವೇನಲ್ಲ.

ಆದರೆ ಟ್ರ್ಯಾಪ್ ಬಾರ್ ಒಂದನ್ನೇ ನೆಚ್ಚಿಕೊಂಡರೆ ಒಂದು ಕೊರತೆ ಉಳಿಯುತ್ತದೆ. ಅದು ಮೊಣಕಾಲಿನ ನೆರವನ್ನು ಧಾರಾಳವಾಗಿ ಕೊಡುವುದರಿಂದ, ಸೊಂಟದ ಕೀಲಿನಲ್ಲಿ ಬಾಗುವುದನ್ನು ಕಲಿಯದೆಯೇ ಭಾರ ಎತ್ತಿಬಿಡಬಹುದು. ನೆಲದ ಮೇಲಿನ ಗ್ಯಾಸ್ ಸಿಲಿಂಡರ್ ಎತ್ತುವಾಗಲೋ ಕಾರಿನ ಡಿಕ್ಕಿಯಿಂದ ಚೀಲ ತೆಗೆಯುವಾಗಲೋ ಬೇಕಾಗುವುದು ಆ ಬಾಗುವಿಕೆಯೇ. ತೊಡೆಯ ಹಿಂಭಾಗ ಮತ್ತು ಬೆನ್ನಿನ ಸ್ನಾಯುಗಳಿಗೂ ಇದರಲ್ಲಿ ಕೆಲಸ ಕಡಿಮೆ. ಹಾಗಾಗಿ ಮೊದಲ ವಾರದಿಂದಲೇ ಜೊತೆಗೆ ರೊಮೇನಿಯನ್ ಡೆಡ್‌ಲಿಫ್ಟ್ ಇರಬೇಕು. ಇದು ನಿಂತಲ್ಲಿಂದ ಶುರುವಾಗುತ್ತದೆ, ನೆಲದವರೆಗೆ ಹೋಗುವುದಿಲ್ಲ. ಮೊದಲು ತೂಕವಿಲ್ಲದೆ, ಒಂದು ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿದು ಕಲಿಯಬೇಕು. ಕೋಲು ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ ಈ ಮೂರು ಕಡೆ ತಾಗಿರಬೇಕು. ಮೊಣಕಾಲನ್ನು ಸ್ವಲ್ಪವೇ ಸಡಿಲಿಸಿ ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತಾ ಬಾಗಿದಾಗ, ಮೂರರಲ್ಲಿ ಒಂದು ಜಾಗ ಕೋಲು ಬಿಟ್ಟರೆ ಅಲ್ಲಿಗೇ ನಿಲ್ಲಬೇಕು. ಆ ಆಳವೇ ಅಂದಿನ ಮಿತಿ. ಆಮೇಲೆ ಎರಡು ಕೈಯಲ್ಲಿ ಎಂಟೆಂಟು ಕಿಲೋ ಡಂಬೆಲ್ ಹಿಡಿದು, ಅದೇ ಆಳಕ್ಕೆ ಮೂರು ಸೆಕೆಂಡು ಎಣಿಸುತ್ತಾ ಇಳಿಸಿ, ಎಂಟು ರೆಪ್. ತೊಡೆಯ ಹಿಂಭಾಗ ಎಳೆದಂತಾಗಬೇಕು. ಎಳೆತ ಬೆನ್ನಿನಲ್ಲಿ ಅನಿಸಿದರೆ ಮಿತಿ ದಾಟಿದೆ. ವಾರಗಳು ಕಳೆದಂತೆ ಈ ಮಿತಿ ಕೆಳಗೆ ಸರಿಯುವುದನ್ನು ನೋಡಬಹುದು. ಕೂತು ಕಾಲು ಚಾಚಿ ಎಳೆದುಕೊಳ್ಳುವ ಸ್ಟ್ರೆಚ್‌ಗಳಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಸ್ನಾಯು ಉದ್ದವಾಗುವುದರ ಜೊತೆಗೆ ಆ ಉದ್ದದಲ್ಲಿ ಬಲವನ್ನೂ ಪಡೆಯುತ್ತದೆ.

ಮಿತಿ ಮೊಣಕಾಲಿನ ಕೆಳಗೆ, ಕಣಕಾಲಿನ ಅರ್ಧಕ್ಕೆ ಬಂದ ಮೇಲೆ ನೇರ ರಾಡ್‌ಗೆ ಬರಬಹುದು. ಅದೂ ನೆಲದಿಂದಲ್ಲ, ಹತ್ತು ಸೆಂ.ಮೀ. ದಿಮ್ಮಿಗಳ ಮೇಲಿಂದ. ತೂಕ ಟ್ರ್ಯಾಪ್ ಬಾರ್‌ನಲ್ಲಿ ಎತ್ತುತ್ತಿದ್ದುದರ ಅರ್ಧದಷ್ಟು ಸಾಕು. ದಿಮ್ಮಿ ಇಟ್ಟ ಮಾತ್ರಕ್ಕೆ ನೇರ ರಾಡ್ ಟ್ರ್ಯಾಪ್ ಬಾರ್ ಆಗುವುದಿಲ್ಲ. ಉದಾಹರಣೆಯ ದೇಹದಲ್ಲಿ ಮುಂಡದ ಕೋನ 35ರಿಂದ 40 ಡಿಗ್ರಿಯ ಹತ್ತಿರಕ್ಕೆ ಬರುತ್ತದೆ ಅಷ್ಟೇ, ರಾಡ್ ಸೊಂಟದಿಂದ ದೂರವೇ ಉಳಿಯುತ್ತದೆ. ದಿಮ್ಮಿಯ ಲಾಭ ಬೇರೆ: ಸೊಂಟದ ಕೀಲು ತನ್ನ ಕೊನೆಯ ಮಿತಿಗೆ ಹೋಗಬೇಕಿಲ್ಲ. ಇಲ್ಲಿ ಮುಖ್ಯ ತಪ್ಪು ರಾಡ್ ಕಣಕಾಲಿನಿಂದ ದೂರ ಸರಿಯುವುದು. ಐದು ಸೆಂ.ಮೀ. ಮುಂದೆ ಹೋದರೆ 60 ಕಿಲೋದ ರಾಡ್‌ಗೆ 300 ಕಿಲೋ-ಸೆಂಟಿಮೀಟರ್ ಹೊರೆ ಸೇರಿದಂತೆ. ಚರ್ಮ ತರಚುತ್ತದೆಂಬ ಭಯವೇ ಇದಕ್ಕೆ ಕಾರಣವಾದ್ದರಿಂದ ಉದ್ದ ಪ್ಯಾಂಟ್ ಅಥವಾ ಉದ್ದ ಕಾಲುಚೀಲ ಹಾಕಿಕೊಂಡರೆ ತಪ್ಪು ತಾನಾಗಿ ಕಡಿಮೆಯಾಗುತ್ತದೆ. ಬೆನ್ನಿನ ಆಕಾರ ಉಳಿಯುತ್ತಾ ಹೋದರೆ ಎರಡು-ಮೂರು ವಾರಕ್ಕೊಮ್ಮೆ ದಿಮ್ಮಿಯ ಎತ್ತರ ಇಳಿಸಬಹುದು. ಕೆಲವು ಎತ್ತರದವರು ಐದು ಸೆಂ.ಮೀ.ಗಿಂತ ಕೆಳಗೆ ಹೋಗಲಾರರು. ಅಂಥವರು ಪಾದಗಳನ್ನು ಬಹಳ ಅಗಲಿಸಿ ಕೈಗಳನ್ನು ಕಾಲಿನ ಒಳಗೆ ಇಳಿಬಿಡುವ ಸುಮೋ ಶೈಲಿಯನ್ನು ಪ್ರಯತ್ನಿಸಬಹುದು. ಅದರಲ್ಲೂ ಮುಂಡ ಹೆಚ್ಚು ನೆಟ್ಟಗಿರುತ್ತದೆ, ಆದರೆ ಒಳತೊಡೆ ಬಿಗಿಯಿರುವವರಿಗೆ ಅದು ಸುಲಭವಲ್ಲ.

ಟ್ರ್ಯಾಪ್ ಬಾರ್‌ನ ಕೆಳ ಹಿಡಿಕೆಯ ಬಗ್ಗೆಯೂ ಒಂದು ಮಾತು. ಮೇಲಿನದರಿಂದ ಕೆಳಗಿನದಕ್ಕೆ ಬರುವುದು ಸಹಜ ಮುಂದಿನ ಹೆಜ್ಜೆಯಂತೆ ಕಾಣುತ್ತದೆ, ಎತ್ತರದವರಿಗೆ ಹಾಗಲ್ಲ. ಕೆಳ ಹಿಡಿಕೆ ನೇರ ರಾಡ್‌ನಷ್ಟೇ ಎತ್ತರದಲ್ಲಿದೆ. ಅಲ್ಲಿ ಮುಂಡವನ್ನು ನೆಟ್ಟಗಿಡಬೇಕೆಂದರೆ ಪೃಷ್ಠ ಮೊಣಕಾಲಿನ ಮಟ್ಟಕ್ಕೆ ಇಳಿಯಬೇಕು, ಸೊಂಟ ಅತಿಯಾಗಿ ಮಡಚಬೇಕು. ದಿಮ್ಮಿಯ ಮೇಲಿನ ನೇರ ರಾಡ್ ಅದಕ್ಕಿಂತ ಸಲೀಸು.

ಟ್ರ್ಯಾಪ್ ಬಾರ್ ಇಲ್ಲದ ಜಿಮ್‌ಗಳೇ ಹೆಚ್ಚು. ಅಲ್ಲಿ ಮೊದಲ ತಿಂಗಳಿಗೆ ಒಂದು ಭಾರವಾದ ಕೆಟಲ್‌ಬೆಲ್ ಅಥವಾ ನೆಟ್ಟಗೆ ನಿಲ್ಲಿಸಿದ ಡಂಬೆಲ್ ಅನ್ನು ಪಾದಗಳ ನಡುವೆ, ಗೇಣೆತ್ತರದ ಗಟ್ಟಿ ಪೆಟ್ಟಿಗೆಯ ಮೇಲಿಟ್ಟು ಎತ್ತಬಹುದು. ಭಾರ ಕಾಲಿನ ಮುಂದಲ್ಲದೆ ಎರಡು ಕಾಲುಗಳ ನಡುವೆ ಇರುವುದರಿಂದ ಟ್ರ್ಯಾಪ್ ಬಾರ್‌ನ ಗುಣ ಸುಮಾರು ಬರುತ್ತದೆ. 30-40 ಕಿಲೋ ದಾಟಿದರೆ ಹಿಡಿಯಲು ಜಾಗ ಸಾಲದು, ಆಗ ದಿಮ್ಮಿಯ ಮೇಲಿನ ನೇರ ರಾಡ್‌ಗೆ ಹೋಗಬೇಕು.

ಯಾವ ಹೊತ್ತಿಗೆ ಎತ್ತುವುದು ಎಂಬುದೂ ಬಿಗಿ ಬೆನ್ನಿನವರಿಗೆ ಲೆಕ್ಕಕ್ಕೆ ಬರುತ್ತದೆ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಬೆಳಗ್ಗೆ ಎದ್ದಾಗ ಮನುಷ್ಯ ಒಂದೂವರೆ ಸೆಂ.ಮೀ.ನಷ್ಟು ಎತ್ತರವಾಗಿರುವುದಕ್ಕೆ ಇದೇ ಕಾರಣ. ಉಬ್ಬಿದ ಡಿಸ್ಕ್ ಮೇಲೆ ಬಾಗುವಾಗ ಬೀಳುವ ಒತ್ತಡ ಹೆಚ್ಚು. ದೀರ್ಘಕಾಲದ ಬೆನ್ನುನೋವಿನವರು ಬೆಳಗಿನ ಹೊತ್ತು ಬಾಗುವುದನ್ನು ತಪ್ಪಿಸಿದಾಗ ನೋವು ಕಡಿಮೆಯಾದದ್ದನ್ನು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಐದೂವರೆಗೆ ಎದ್ದು ಆರಕ್ಕೆ ಜಿಮ್‌ನಲ್ಲಿರುವವರು ಡೆಡ್‌ಲಿಫ್ಟನ್ನು ಸಂಜೆಗೆ ಹಾಕಿಕೊಳ್ಳಬಹುದು, ಇಲ್ಲವೇ ಎದ್ದು ಒಂದು ತಾಸಾದರೂ ಓಡಾಡಿದ ನಂತರ ಎತ್ತಬಹುದು. ಸಂಜೆಯವರಿಗೆ ಬೇರೆ ತೊಂದರೆ. ಎಂಟು ತಾಸು ಕುರ್ಚಿಯಲ್ಲಿ, ಒಂದೂವರೆ ತಾಸು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬೆನ್ನು ಗೂನಾಗಿಸಿ ಕೂತು ನೇರ ರಾಡ್ ಹತ್ತಿರ ಹೋದರೆ ಬೆನ್ನಿನ ಕಟ್ಟುಗಳು ಸಡಿಲಾಗಿಯೇ ಇರುತ್ತವೆ. ಹತ್ತು ನಿಮಿಷ ಚುರುಕಾಗಿ ನಡೆದು, ಕೋಲು ಹಿಡಿದು ಹತ್ತು ಸಲ ಬಾಗಿ, ಹಗುರ ತೂಕದ ಎರಡು ಸೆಟ್ ಮುಗಿಸಿದ ಮೇಲೆ ಅಂದಿನ ತೂಕಕ್ಕೆ ಬರಬೇಕು.

ನೇರ ರಾಡ್‌ಗೆ ಬರಲೇಬೇಕೇ ಎಂಬ ಪ್ರಶ್ನೆಗೆ ಉತ್ತರ ಉದ್ದೇಶವನ್ನು ಅವಲಂಬಿಸಿದೆ. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ನೇರ ರಾಡ್ ಬಿಟ್ಟು ಬೇರೆಯದಕ್ಕೆ ಅವಕಾಶವಿಲ್ಲ, ಆ ಆಸೆಯಿದ್ದವರು ಅದನ್ನು ಕಲಿಯಲೇಬೇಕು. ಕಾಲು-ಬೆನ್ನು ಗಟ್ಟಿಯಾದರೆ ಸಾಕೆನ್ನುವವರು ಮೇಲಿನ ಹಿಡಿಕೆಯ ಟ್ರ್ಯಾಪ್ ಬಾರ್ ಮತ್ತು ರೊಮೇನಿಯನ್ ಡೆಡ್‌ಲಿಫ್ಟ್ ಎರಡನ್ನೇ ವರ್ಷಗಟ್ಟಲೆ ಮಾಡಿಕೊಂಡಿದ್ದರೂ ಅವರು ಕಳೆದುಕೊಳ್ಳುವಂಥದ್ದು ಹೆಚ್ಚೇನಿಲ್ಲ. ನೆಲದಿಂದ ನೇರ ರಾಡ್ ಎತ್ತದಿದ್ದರೆ ಅದು ಡೆಡ್‌ಲಿಫ್ಟೇ ಅಲ್ಲ ಎನ್ನುವ ಜಿಮ್ ಪಂಡಿತರು ಎಲ್ಲ ಊರುಗಳಲ್ಲೂ ಇದ್ದಾರೆ. ಆದರೆ 22.5 ಸೆಂ.ಮೀ. ಎಂಬ ಎತ್ತರ ಪ್ಲೇಟ್‌ನ ಅಳತೆಯಿಂದ ಬಂದದ್ದು, ಯಾರ ಕಾಲಿನ ಉದ್ದವನ್ನೂ ನೋಡಿ ಇಟ್ಟದ್ದಲ್ಲ.